ಸ್ಮರಣ ಸಂಚಿಕೆಗೆ ‘ಟಿರೊ ಕನ್ನಡ’ ಫಾಂಟೇ ಬೇಕು ಅಂತ ಪ್ರೆಸ್ ಮಾಲೀಕರಿಗೆ ಪತ್ರ: ಒಮ್ಮೆ ನೋಡಿ ಹೇಳ್ರಿ

ವಿದ್ಯಾಗಿರಿ_ಬಿಎ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗೂದೈತಿ. ಸಂಪಾದಕ ಮಂಡಳಿಯೊಳಗ ನಾನು ವಿದ್ಯಾರ್ಥಿ ಪ್ರತಿನಿಧಿ. ಲೇಖನ ಎಲ್ಲಾ ಮೊಬೈಲ್‌ನಾಗ ಟೈಪ್ ಆಗಿ ವಾಟ್ಸ್ಯಾಪ್‌ಗೆ ಬಂದಾವು. ಗೂಗಲ್ ಫಾಂಟ್ಸ್‌ನಾಗ ಟಿರೊ ಕನ್ನಡ ಅಂತ ಒಂದು ಸಿಕ್ತು, ಹಳೇ ಪುಸ್ತಕದ ಅಚ್ಚಿನಂಗ ಚಂದ ಕಾಣತೈತಿ. ಅದರೊಳಗ ಬರಬೇಕು ಅಂತ ಎಲ್ಲರ ಆಸೆ. ಮಾಲೀಕರಿಗೆ ಬಾಯಿಲೆ ಹೇಳಿದ್ರ ‘ಹೂಂ, ನೋಡೂಣು’ ಅಂತಾರ. ಬರೆದು ಕೊಡು ಅಂದ್ರು ನಮ್ಮ ಮೇಡಂ. ಬರೆದದ್ದು ಇದು:

> ಮಾನ್ಯರೇ,
> ವಿಷಯ: ಸ್ಮರಣ ಸಂಚಿಕೆಯ ಫಾಂಟ್ ಕುರಿತು.
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಮಹಾವಿದ್ಯಾಲಯದ ಸ್ಮರಣ ಸಂಚಿಕೆಯನ್ನು ತಮ್ಮ ಮುದ್ರಣಾಲಯದಲ್ಲಿ ಮುದ್ರಿಸಲು ನೀಡಲಾಗಿದ್ದು, ಸದರಿ ಸಂಚಿಕೆಯ ಎಲ್ಲಾ ಪುಟಗಳನ್ನು ‘ಟಿರೊ ಕನ್ನಡ’ ಫಾಂಟಿನಲ್ಲಿಯೇ ಮುದ್ರಿಸಿಕೊಡಬೇಕೆಂದು ಈ ಮೂಲಕ ಕೋರುತ್ತೇವೆ.
> ವಂದನೆಗಳೊಂದಿಗೆ, ಸಂಪಾದಕ ಮಂಡಳಿಯ ಪರವಾಗಿ.

ಇಷ್ಟು ಸಾಕಾ? ಅವರಿಗೆ ಬ್ಯಾಸರ ಆಗಬಾರದು, ಕೆಲಸನೂ ಆಗಬೇಕು.

ಕನ್ನಡ_ಮಾಸ್ತರ್

ಮಗಳೇ, ಪತ್ರ ಅಚ್ಚುಕಟ್ಟಾಗಿದೆ, ಆದರೆ ದಿನಾಂಕ, ಸ್ಥಳ ಎರಡೂ ಇಲ್ಲ. ‘ಇಂದ’, ‘ಇವರಿಗೆ’ ಎರಡನ್ನೂ ಎಡಗಡೆಗೆ ಬರೆಯಬೇಕು. ‘ಸದರಿ’ ಎಂಬುದು ಪೊಲೀಸ್ ಠಾಣೆಯ ಕನ್ನಡ, ಬೇಡ. ಪರೀಕ್ಷೆಯಲ್ಲಿ ಹೀಗೆ ಬರೆದರೆ 5ಕ್ಕೆ 3 ಅಂಕ ಕೊಡುತ್ತೇನೆ.

ಘಟಪ್ರಭಾ_ಹೊಳಿ

ಮಾಸ್ತರ್ರ, ಅಕಿ ಪರೀಕ್ಷೆಕ್ಕ ಕುಂತಿಲ್ರಿ. 😀

ತಂಗಿ, ಇದಕ್ಕ ಪತ್ರ ಯಾಕ ಬೇಕ? ಟಿರೊ ಫ್ರೀ ಫಾಂಟ್ ಐತಿ, ದುಡ್ಡಿಲ್ಲ ಲೈಸೆನ್ಸ್ ತಕರಾರಿಲ್ಲ. ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಹೋಗಿ ಕೊಡು. ಅವರು ಇನ್‌ಸ್ಟಾಲ್ ಮಾಡಿ, ಎಲ್ಲಾ ಸೆಲೆಕ್ಟ್ ಮಾಡಿ ಫಾಂಟ್ ಬದಲಿ ಮಾಡಿದ್ರ ಮುಗೀತು. ಎರಡು ನಿಮಿಷದ ಕೆಲಸ.

ವಿದ್ಯಾಗಿರಿ_ಬಿಎ

ಅಣ್ಣಾ, ಪೆನ್‌ಡ್ರೈವ್ ಕೊಟ್ಟೀನಿ. ಫಾಂಟ್ ಇನ್‌ಸ್ಟಾಲ್ ಆಯ್ತು, ಹೆಸರೂ ಪಟ್ಟಿಯೊಳಗ ಬಂತು. ಆದ್ರ ನಮ್ಮ ಲೇಖನ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿದ್ರ ಬರೇ ???? ಅಂತ ಸಾಲುಗಟ್ಟಿ ಬಂತು. ಅವರೇ ಮೊದಲು ಟೈಪ್ ಮಾಡಿಟ್ಟಿದ್ದ ಒಂದು ಪುಟಕ್ಕ ಟಿರೊ ಹಚ್ಚಿದ್ರ PÀ£ÀßqÀ ಅಂತ ಏನೇನೋ ಇಂಗ್ಲಿಷಿನಂಗ ಕಾಣ್ತು. ‘ನಿಮ್ಮ ಫಾಂಟೇ ಸರಿ ಇಲ್ಲಮ್ಮ’ ಅಂದ್ರು ಆಪರೇಟರ್. ಅವರ ಕಡೆ ಇರೂದು ಪೇಜ್‌ಮೇಕರ್, ಟೈಪ್ ಮಾಡೂದು ನುಡಿಯೊಳಗ.

ಮೊಳೆ_ಮಸಿ (ವಿಜಯಪುರ)

ಫಾಂಟೂ ಸರಿ ಅದ, ಆಪರೇಟರೂ ಸರಿ ಅದಾರ. ನಡುವ ಇರೂದು ಬ್ಯಾರೆ ಗೋಳು. ನಾ ಡಿಟಿಪಿ ಮಾಡ್ಕೋತನೇ ತಲಿ ಬೆಳ್ಳಗ ಮಾಡ್ಕೊಂಡಾಂವ, ಸಮಾಧಾನದಿಂದ ಓದವ್ವಾ.

ಅವರ ನುಡಿ ಫಾಂಟ್ ಒಳಗ ಕನ್ನಡ ಅಕ್ಷರನೇ ಇಲ್ಲ. ಇಂಗ್ಲಿಷಿನ P, À, £ ಇಂಥಾ ಜಾಗಾದಾಗ ಕನ್ನಡದ ತುಂಡು ಚಿತ್ರ ಕೂಡಿಸ್ಯಾರ. P ಅಂದ್ರ ಕಕಾರದ ಮೈ, À ಅಂದ್ರ ಮ್ಯಾಲಿನ ತಲೆಕಟ್ಟು. ಎರಡೂ ಕೂಡಿದ್ರ ಕಣ್ಣಿಗೆ ‘ಕ’ ಕಾಣ್ತದ, ಕಂಪ್ಯೂಟರ್ ತಿಳ್ಕೊಂಡಿದ್ದು ಮಾತ್ರ PÀ. ನುಡಿ ಫಾಂಟ್ ತೆಗೆದು ಬ್ಯಾರೆ ಹಚ್ಚಿದ ಕೂಡಲೇ ಒಳಗಿಂದು ಹೊರಗ ಬೀಳ್ತದ. ನೀನು ನೋಡಿದ PÀ£ÀßqÀ ಅಂದ್ರ ‘ಕನ್ನಡ’ ಅನ್ನೂ ಶಬ್ದನೇ.

ನಿಮ್ಮ ಮೊಬೈಲ್ ಟೈಪ್ ಮಾಡೂದು ಯೂನಿಕೋಡ್. ಅಲ್ಲಿ ಕ ಅಂದ್ರ ಕ, ಜಗತ್ತಿನ್ಯಾಗ ಎಲ್ಲಿ ತೆರೆದ್ರೂ ಕ. ಟಿರೊ ಇರೂದು ಈ ಯೂನಿಕೋಡ್ ಬಳಗದಾಗ. ಪೇಜ್‌ಮೇಕರ್‌ನ ಕಡೇ ಆವೃತ್ತಿ 7.0 ಬಂದದ್ದು 2001ರಾಗ, ಅದಕ್ಕ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಅದಕ್ಕೇ ????.

ಹಿಂಗಾಗಿ ನಿನ್ನ ಪತ್ರದಾಗ ಫಾಂಟಿನ ಹೆಸರು ಎಷ್ಟು ವಿನಯದಿಂದ ಬರೆದ್ರೂ ಅವರಿಂದ ಆ ಸಾಫ್ಟ್‌ವೇರ್‌ನಾಗ ಆಗೂದಿಲ್ಲ. ಪತ್ರದಾಗ ಕೇಳಬೇಕಾದ್ದು ಬ್ಯಾರೆ ಅದ: ‘ಪುಟ ನಾವೇ ಕಟ್ಟಿ ಪಿಡಿಎಫ್ ಕೊಟ್ರ ನೀವು ನೇರವಾಗಿ ಪ್ಲೇಟ್ ಮಾಡ್ತೀರೇನು?’ ಅವರು ಹೂಂ ಅಂದ್ರ ಟಿರೊ ಬರ್ತದ. ಒಲ್ಲೆ ಅಂದ್ರ ಅವರ ನುಡಿ ಫಾಂಟಿನ್ಯಾಗೇ ಚಂದಂದು ಒಂದು ಆರಿಸ್ಕೊಂಡು ಸುಮ್ಮನಾಗೂದು.

ಗುಮ್ಮಟ_ನಾಡು

ನಮ್ಮ ತಂಗಿ ಲಗ್ನಪತ್ರಿಕೆದಾಗ ಹಿಂಗೇ ಆತ್ರಿ. ‘ವಧು’ ಅನ್ನೂದು ‘ವದು’ ಆಗಿ ಬಂದಿತ್ತು, 500 ಕಾರ್ಡು ಹಂಚಿದ ಮ್ಯಾಲೆ ಸೋದರಮಾವ ನೋಡಿದ್ರು. ಪ್ರೆಸ್ಸಿನವರು ನೀವೇ ಪ್ರೂಫ್‌ಗೆ ಸಹಿ ಮಾಡೀರಲ್ಲ ಅಂದ್ರು. ಇದೂ ಫಾಂಟಿನ ತೊಂದರಿ ಏನ್ರಿ?

ಮೊಳೆ_ಮಸಿ (ವಿಜಯಪುರ)

ಇಲ್ರಿ, ಅದು ಕಣ್ಣಿನ ತೊಂದರಿ.

ಘಟಪ್ರಭಾ_ಹೊಳಿ

ಹಂಗಾದ್ರ ಕನ್ವರ್ಟರ್ ಐತೆಲ್ಲ! ಯೂನಿಕೋಡ್‌ನಿಂದ ನುಡಿಗೆ ಒಂದೇ ಕ್ಲಿಕ್. ನುಡಿ ಜೊತೆಗೇ ಬರತೈತಿ, ಆನ್‌ಲೈನ್‌ನಾಗೂ ಅದಾವು. ಲೇಖನ ಎಲ್ಲಾ ಬದಲಿ ಮಾಡಿ ಕೊಟ್ರ ಪೇಜ್‌ಮೇಕರ್‌ನಾಗ ಚೊಲೋ ಕುಂದರತೈತಿ. ನಮ್ಮ ಸೊಸೈಟಿ ವಾರ್ಷಿಕ ವರದಿ ಪ್ರತಿ ವರ್ಷ ಹಂಗೇ ಮಾಡ್ತೀವಿ.

ಮೊಳೆ_ಮಸಿ (ವಿಜಯಪುರ)

ಕನ್ವರ್ಟರ್ ನಾನೂ ಬಳಸ್ತೀನಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದರಿಂದ ಸಿಗೂದು ನುಡಿ ಅಕ್ಷರ, ಟಿರೊ ಅಲ್ಲ. ಇಕಿ ಕೇಳಿದ್ದು ಟಿರೊ.

ಇನ್ನ, ಅದು ಎಲ್ಲೆಲ್ಲಿ ಕೈ ಕೊಡ್ತದ ಅಂತ ಕೇಳ್ರಿ. ಸೊಸೈಟಿ ವರದಿಯೊಳಗ ಇಂಗ್ಲಿಷ್ ಕಡಿಮಿ ಇರ್ತದ. ಕಾಲೇಜಿನ ಸಂಚಿಕೆ ಅಂದ್ರ ಪ್ರತಿ ಹೆಸರಿನ ಮುಂದ M.A., B.Ed., ವಿಭಾಗದ ಹೆಸರು BCA. ಕನ್ನಡ ಸಾಲಿನ ನಡುವ ಇರೋ ಇಂಗ್ಲಿಷ್ ಅಕ್ಷರಕ್ಕೂ ಆಪರೇಟರ್ ನುಡಿ ಫಾಂಟ್ ಹಚ್ಚಿಬಿಟ್ರ M.A. ಹೋಗಿ ‘ಒ.ಂ.’ ಆಗ್ತದ. BCA ಹೋಗಿ ‘ಃಅಂ’. ಯಾಕಂದ್ರ ನುಡಿಯೊಳಗ M ಜಾಗಾದಾಗ ಒ ಅದ, A ಜಾಗಾದಾಗ ಅನುಸ್ವಾರ, B ಜಾಗಾದಾಗ ವಿಸರ್ಗ, C ಜಾಗಾದಾಗ ಅ. ಪ್ರಾಂಶುಪಾಲರ ಹೆಸರಿನ ಮುಂದ ‘ಒ.ಂ.’ ಅಂತ ಅಚ್ಚಾಗಿದ್ದು ನಾ ಕಣ್ಣಾರೆ ಕಂಡೀನಿ. ಅಂಥಾ ಪುಸ್ತಕ ಇವತ್ತೂ ಅವರ ಕಪಾಟಿನ್ಯಾಗ ಅದ.

ಎರಡನೇದು ‘ರ‍್ಯಾಂಕ್’. ಕಾಲೇಜಿನ ಸಂಚಿಕೆ ಅಂದ ಮ್ಯಾಲೆ ಈ ಶಬ್ದ ಬಂದೇ ಬರ್ತದ. ರ ಮತ್ತ ಒತ್ತಿನ ನಡುವ ಕಣ್ಣಿಗೆ ಕಾಣದ ಒಂದು ಕೂಡು ಚಿಹ್ನೆ ಇದ್ರೇ ಅದು ಹಿಂಗ ಕಾಣ್ತದ. ಕೆಲವು ಕನ್ವರ್ಟರ್ ಆ ಚಿಹ್ನೆ ನುಂಗಿಬಿಡ್ತಾವ. ಆವಾಗ ರ ಹೋಗಿ ಅರ್ಕಾವೊತ್ತಾಗಿ ಬಾಲಕ್ಕ ಸೇರಿ ‘ರ್ಯಾಂಕ್’ ಆಗ್ತದ. ಹಂಗೇ ‘ಸಾಫ್ಟ್‌ವೇರ್’ ಒಳಗಿನ ಟ್ ಬಿಡಿಯಾಗಿ ನಿಲ್ಲೂ ಬದಲು ವಕಾರ ಅದರ ಕೆಳಗ ಹೋಗಿ ಜೋತು ಬೀಳ್ತದ. ಕಾಗುಣಿತ ತಪ್ಪಿಲ್ಲದ ಲೇಖನ ಅಚ್ಚಿನ್ಯಾಗ ತಪ್ಪಾಗಿ ಬರ್ತದ, ಬೈಗುಳ ಲೇಖಕಗ.

ಘಟಪ್ರಭಾ_ಹೊಳಿ

ನಮ್ಮ ವರದಿಯೊಳಗ ಕಾರ್ಯದರ್ಶಿ ಬಿ.ಎ. ಪಾಸ್ ಅಂತ ಹಾಕಿರ್ತೀವಿ. ಈಗ ತೆಗೆದು ನೋಡ್ತೀನಿ ತಡೀರಿ.

ಟಿಳಕವಾಡಿ_ಕಟ್ಟೆ (ಬೆಳಗಾವಿ)

ನಮ್ಮದು ಬೆಳಗಾವಿ, ಇಲ್ಲಿ ಸಂಚಿಕೆ ಅಂದ್ರ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ವಿಭಾಗ ಇರಬೇಕು. ಹಂಗಾಗಿ ನಾವು ಇನ್‌ಡಿಸೈನ್‌ಗೆ ಯಾವಾಗೋ ಹೋಗೀವಿ. ಟಿರೊ ಬಳಗದಾಗ ಮರಾಠಿಗಂತ ಬೇರೆ ದೇವನಾಗರಿ ಫಾಂಟೂ ಐತಿ, ಎರಡೂ ಅಕ್ಕಪಕ್ಕ ಒಂದೇ ಮನಿ ಮಂದಿಯಂಗ ಕಾಣತಾವು.

ಆದ್ರ ಇನ್‌ಡಿಸೈನ್ ಐತಿ ಅಂದ ಮಾತ್ರಕ್ಕ ಕನ್ನಡ ಸರಿ ಬರತೈತಿ ಅಂತ ತಿಳಿಬ್ಯಾಡ್ರಿ. ಮೊದಲ ಸಲ ಪೇಸ್ಟ್ ಮಾಡಿದಾಗ ‘ಶಾಸ್ತ್ರ’ ಅನ್ನೂದು ‘ಶಾಸ್‌ತ್‌ರ’ ಆಗಿ ಉದ್ದಕ ಮಲಕ್ಕೊಂಡಿತ್ತು. ಒತ್ತು ಒಂದೂ ಕೆಳಗ ಇಳೀಲಿಲ್ಲ. ಪ್ಯಾರಾಗ್ರಾಫ್ ಸ್ಟೈಲ್ ಒಳಗ Justification ಅಂತ ಐತಿ, ಅಲ್ಲಿ Composer ಅನ್ನೂ ಕಡೆ Adobe World-Ready Paragraph Composer ಆರಿಸಬೇಕು. ಆರಿಸಿದ ಕೂಡಲೇ ಒತ್ತೆಲ್ಲ ತಮ್ಮ ತಮ್ಮ ಜಾಗಾಕ್ಕ ಹೋಗಿ ಕುಂತವು. ಪ್ರೆಸ್ಸಿನ ಆಪರೇಟರ್ ಇಂಗ್ಲಿಷ್ ಕೆಲಸ ಮಾಡಿ ರೂಢಿ ಇದ್ರ ಇದು ಗೊತ್ತಿರಂಗಿಲ್ಲ, ಅವರೂ ‘ಫಾಂಟ್ ಸರಿ ಇಲ್ಲ’ ಅಂತಾರ.

ವಿದ್ಯಾಗಿರಿ_ಬಿಎ

ನಮ್ಮ ಕಡೆ ಇನ್‌ಡಿಸೈನ್ ಇಲ್ಲ ಅಣ್ಣಾ, ಕಾಲೇಜಿನ ಲ್ಯಾಬ್‌ನಾಗ ಲಿಬ್ರೆಆಫೀಸ್ ಐತಿ. ಅದರೊಳಗ ಪುಟ ಕಟ್ಟಿದ್ರ ನಡೀತದಾ? ಟಿರೊ ಹಚ್ಚಿ ನೋಡಿದ್ಯಾ, ಒತ್ತು ಎಲ್ಲಾ ಸರಿ ಬಂತು. ತಲೆಬರಹಕ್ಕ ಬೋಲ್ಡ್ ಮಾಡಿದ್ರ ಮಾತ್ರ ಅಕ್ಷರ ಮಸಿ ಚೆಲ್ಲಿದಂಗ ಕಾಣತಾವು.

ಮೊಳೆ_ಮಸಿ (ವಿಜಯಪುರ)

ನಡೀತದ. ಪಠ್ಯ ಹೆಚ್ಚು, ಚಿತ್ರ ಕಡಿಮಿ ಇದ್ರ ಲಿಬ್ರೆಆಫೀಸ್ ಸಾಕು. ಜಾಹೀರಾತು, ಫೋಟೋ ಪುಟ ಮಾತ್ರ ಪ್ರೆಸ್ಸಿನವರಿಗೇ ಬಿಡು, ಅವರು ಕೋರೆಲ್‌ನಾಗ ಚೊಲೋ ಮಾಡ್ತಾರ.

ಬೋಲ್ಡ್ ವಿಷಯ: ಟಿರೊ ಕನ್ನಡದಾಗ ಬೋಲ್ಡ್ ಅಂತ ಬ್ಯಾರೆ ಮಾಡಿಲ್ಲ. ಸಾದಾ ಒಂದು, ಓರೆ ಒಂದು, ಅಷ್ಟೇ. ನೀ B ಒತ್ತಿದ್ರ ಸಾಫ್ಟ್‌ವೇರ್ ತಾನೇ ಅಂಚಿಗೆ ಮಸಿ ಬಳದು ದಪ್ಪ ಮಾಡ್ತದ. ಥ, ಧ, ಭ ಇವುಗಳ ಹೊಟ್ಟಿ ಒಳಗಿನ ಗಂಟು, ಚುಕ್ಕಿ ಎಲ್ಲಾ ತುಂಬಿ ಥ ಯಾವುದು ಧ ಯಾವುದು ತಿಳಿಯಂಗಿಲ್ಲ. ತಲೆಬರಹಕ್ಕ ನೋಟೊ ಸೆರಿಫ್ ಕನ್ನಡ ಬೋಲ್ಡ್ ತಗೋ, ಇಲ್ಲಾ ಬಲೂ ತಮ್ಮ ತಗೋ. ಎರಡೂ ಫ್ರೀ, ಎರಡರಾಗೂ ನಿಜವಾದ ದಪ್ಪ ಅಕ್ಷರ ಅದಾವ.

ಸಾಲಿನ ನಡುವಿನ ಜಾಗಾ ಮರೀಬ್ಯಾಡ. ಅಕ್ಷರ 11 ಇಟ್ರ ಸಾಲಿಂದ ಸಾಲಿಗೆ 16, 17 ಪಾಯಿಂಟ್ ಕೊಡು. ‘ಸ್ವಾತಂತ್ರ್ಯ’ ಅನ್ನೂ ಶಬ್ದದಾಗ ಒತ್ತಿನ ಕೆಳಗ ಒತ್ತು ಅದ. ಸಾಲು ಬಿಗಿ ಇದ್ರ ಆ ಬಾಲ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡೀತದ.

ಖಡೇಬಜಾರ್_ಆಫ್‌ಸೆಟ್

ಪ್ರೆಸ್ಸಿನವರ ಕಡೆಯಿಂದ ಒಂದು ಮಾತು ಹೇಳ್ಲಾ? ನಾನೂ ಅದೇ ಧಂದೆದಾಗ ಇದ್ದೀನಿ.

ಮಾಲೀಕರು ‘ನೋಡೂಣು’ ಅನ್ನೂದು ಸೊಕ್ಕಿನಿಂದ ಅಲ್ಲ. ಪುಟಕ್ಕ ಇಷ್ಟು ಅಂತ ಟೈಪಿಂಗ್ ಹಿಡದು ಕೊಟೇಶನ್ ಕೊಟ್ಟಿರ್ತೀವಿ. ನೀವು ಪಿಡಿಎಫ್ ತಂದ್ರ ಆ ರೊಕ್ಕ ಹೋಗತೈತಿ, ಮ್ಯಾಲೆ ತಪ್ಪು ಬಂದ್ರ ‘ಪ್ರೆಸ್ಸಿನವರು ಕೆಡಿಸಿದ್ರು’ ಅಂತ ಹೆಸರು ನಮಗ. ಅದಕ್ಕ ಪತ್ರದೊಳಗ ಎರಡು ಮಾತು ಸ್ಪಷ್ಟ ಇರಲಿ: ಪಿಡಿಎಫ್‌ನಾಗ ಇರೂ ಅಕ್ಷರ ತಪ್ಪಿಗೆ ಹೊಣೆ ನಾವು, ಟೈಪಿಂಗ್ ದರ ಕಡಿಮಿ ಮಾಡೂ ವಿಷಯ ಎದುರಿಗೆ ಕುಂತು ಮಾತಾಡೂಣು. ಇಷ್ಟು ಬರೆದ್ರ ಅರ್ಧ ತಂಟೆ ಅಲ್ಲೇ ಮುಗೀತು.

ಇನ್ನೊಂದು, ಪಿಡಿಎಫ್ ಕೊಡೂ ಮುಂದ ಅಕ್ಷರ ಎಲ್ಲಾ ಕರ್ವ್ ಮಾಡಿ, ಅಂದ್ರ ಗೆರಿ ಚಿತ್ರ ಮಾಡಿ ಕೊಡ್ರಿ. ನಮ್ಮ ಮಷಿನ್‌ನಾಗ ಫಾಂಟ್ ಇಲ್ಲದಿದ್ರೂ ಅಕ್ಷರ ಒಡಿಯಂಗಿಲ್ಲ.

ಮೊಳೆ_ಮಸಿ (ವಿಜಯಪುರ)

ಮೊದಲ ಮಾತು ನೂರಕ್ಕ ನೂರು. ಕರ್ವ್ ಮಾತ್ರ ನಾ ಒಪ್ಪೂದಿಲ್ರಿ. ಮುಖಪುಟಕ್ಕ ಸರಿ, ಒಳಗಿನ 60 ಪುಟದ ಸಣ್ಣ ಅಕ್ಷರ ಯಾಕ ಕರ್ವ್ ಮಾಡಬೇಕು? ಫೈಲು ಭಾರ ಆಗ್ತದ, ಕಡೇ ಗಳಿಗ್ಯಾಗ ಒಂದು ಅಕ್ಷರ ತಿದ್ದಾಕ ಬರಂಗಿಲ್ಲ. ಫಾಂಟ್ ಪಿಡಿಎಫ್ ಒಳಗ ಸೇರಿದ್ರ ಸಾಕು. ಅಕ್ರೋಬ್ಯಾಟ್ ರೀಡರ್‌ನಾಗ ಫೈಲ್ ತೆರೆದು Properties ಒಳಗ Fonts ನೋಡಿದ್ರ TiroKannada ಮುಂದ Embedded Subset ಅಂತ ಇರಬೇಕು. ಅದಿದ್ರ ನಿಮ್ಮ ಮಷಿನ್‌ನಾಗ ಟಿರೊ ಇರಲಿ ಬಿಡಲಿ, ಅಕ್ಷರ ಒಡಿಯಂಗಿಲ್ಲ.

ಖಡೇಬಜಾರ್_ಆಫ್‌ಸೆಟ್

ನಿಮ್ಮ ಪ್ಲೇಟಿನವರು ಹೊಸ ಮಷಿನ್ ಇಟ್ಟಿರಬೇಕು. ನಮ್ಮ ಕಡೆ ಎಂಬೆಡ್ ಆದ ಫೈಲಿನ್ಯಾಗೂ ಒತ್ತು ಹಾರಿದ್ದು ನೋಡೀನಿ. ನಾ ಕರ್ವ್ ಬಿಡಂಗಿಲ್ಲ.

ಗೋಕಾಕ_ಕರದಂಟು

ಎಲ್ಲಾ ಸರಿ, ಆದ್ರ ಟಿರೊ ನನಗ ಸೇರಂಗಿಲ್ಲ. ಗೆರಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದದ ಮ್ಯಾಲೆ ಸಣ್ಣ ಗೆರಿ ಹಾರಿಹೋಗಬಹುದು. ನುಡಿಯ ಅಕ್ಷರ ನಮ್ಮ ಕಣ್ಣಿಗೆ ಪಠ್ಯಪುಸ್ತಕದಿಂದ ರೂಢಿ ಆಗೈತಿ, ವಯಸ್ಸಾದವರೂ ಸರಾಗ ಓದತಾರ. ಬೆಳ್ಳಿಹಬ್ಬದ ಸಂಚಿಕೆ ಓದಾವರು ಯಾರು? ನಿವೃತ್ತ ಪ್ರಾಧ್ಯಾಪಕರೇ ಅಲ್ಲೇನು?

ವಿದ್ಯಾಗಿರಿ_ಬಿಎ

ಓದಾವರು ನಾವೂ ಅದೀವ್ರಿ. 🙂 ನಮ್ಮ ಮೇಡಂಗೆ ಎರಡೂ ಪ್ರಿಂಟ್ ತೋರಿಸಿದ್ಯಾ, ಅವರು ಟಿರೊ ಅಂದ್ರು, ಗ್ರಂಥಪಾಲಕ ಸರ್ ನುಡಿ ಅಂದ್ರು. ಮಂಡಳಿಯೊಳಗ ಟಿರೊ ಅಂತ ಆಗೈತಿ, ಹಂಗಾಗಿ ಅದಕ್ಕೇ ಪತ್ರ ಬದಲಿ ಮಾಡೀನಿ. ಮಾಸ್ತರ್ ಸರ್, ‘ಸದರಿ’ ತೆಗೆದೀನಿ.

> ಮಾನ್ಯರೇ,
> ವಿಷಯ: ಸ್ಮರಣ ಸಂಚಿಕೆಯ ಲೇಖನ ಪುಟಗಳನ್ನು ಪಿಡಿಎಫ್ ರೂಪದಲ್ಲಿ ಕೊಡುವ ಕುರಿತು.
> ನಮ್ಮ ಸಂಚಿಕೆಯ ಲೇಖನಗಳನ್ನು ‘ಟಿರೊ ಕನ್ನಡ’ ಫಾಂಟಿನಲ್ಲಿ ಮುದ್ರಿಸಬೇಕೆಂದು ಸಂಪಾದಕ ಮಂಡಳಿ ಬಯಸಿದೆ. ಲೇಖನಗಳು ಯೂನಿಕೋಡ್‌ನಲ್ಲಿ ಇರುವುದರಿಂದ ಪೇಜ್‌ಮೇಕರ್‌ನಲ್ಲಿ ಅವು ಬರುವುದಿಲ್ಲ ಎಂದು ತಿಳಿಯಿತು. ಆದ್ದರಿಂದ 1/4 ಡೆಮಿ ಅಳತೆಯಲ್ಲಿ ಲೇಖನ ಪುಟಗಳನ್ನು ನಾವೇ ಕಟ್ಟಿ, ಫಾಂಟ್ ಒಳಗೊಂಡ ಪಿಡಿಎಫ್ ಕೊಡುತ್ತೇವೆ. ಜಾಹೀರಾತು, ಛಾಯಾಚಿತ್ರ ಮತ್ತು ಮುಖಪುಟ ಮೊದಲಿನಂತೆ ತಮ್ಮಲ್ಲಿಯೇ ಆಗಲಿ.
> ಪಿಡಿಎಫ್ ಪುಟಗಳಲ್ಲಿ ಅಕ್ಷರ ತಪ್ಪುಗಳಿದ್ದರೆ ಹೊಣೆ ನಮ್ಮದು. ಟೈಪಿಂಗ್ ದರದ ವಿಷಯವನ್ನು ತಾವು ಹೇಳಿದ ದಿನ ಬಂದು ಮಾತನಾಡುತ್ತೇವೆ.
> ಎಲ್ಲ ಪುಟಗಳ ಪ್ಲೇಟ್ ಮಾಡುವ ಮೊದಲು ಜೊತೆಗಿಟ್ಟಿರುವ ಒಂದು ಪುಟವನ್ನು ಸಂಚಿಕೆಯ ಕಾಗದದ ಮೇಲೆಯೇ ಮುದ್ರಿಸಿ ತೋರಿಸಬೇಕಾಗಿ ವಿನಂತಿ. ಅದರಲ್ಲಿ ಈ ಸಾಲು ಇದೆ: ‘ಅರ್ಥಶಾಸ್ತ್ರ ವಿಭಾಗದ ರ‍್ಯಾಂಕ್ ವಿದ್ಯಾರ್ಥಿನಿ, M.A., ಸಾಫ್ಟ್‌ವೇರ್, ಸ್ವಾತಂತ್ರ್ಯ.’ ಇದು ಸರಿಯಾಗಿ ಬಂದರೆ ಮುಂದುವರಿಯಬಹುದು.

ಮೊಳೆ_ಮಸಿ (ವಿಜಯಪುರ)

ಭೇಷ್. ಆ ಪರೀಕ್ಷೆ ಸಾಲು ನನ್ನ ಹುಡುಗರಿಗೂ ಕೊಡ್ತೀನಿ. ಆದ್ರ ಬರೇ ಝೆರಾಕ್ಸಿನಂಗ ಪ್ರಿಂಟ್ ತೆಗೆದು ತೋರಿಸಿದ್ರ ನಂಬಬ್ಯಾಡ. ಲೇಸರ್ ಪ್ರಿಂಟಿನ್ಯಾಗ ಸಣ್ಣ ಗೆರಿನೂ ಕಪ್ಪಗೇ ಬರ್ತದ. ಕರದಂಟಿನವರ ಅನುಮಾನ ಆಫ್‌ಸೆಟ್ ಮಷಿನ್ ಮ್ಯಾಲೇ ಬಗೆಹರೀಬೇಕು. ಒಂದು ಪುಟಕ್ಕ ಅಂತ ಬ್ಯಾರೆ ಪ್ಲೇಟ್ ಮಾಡ್ರಿ ಅಂದ್ರ ಯಾರೂ ಮಾಡಂಗಿಲ್ಲ, ಖರ್ಚು ಬೀಳ್ತದ. ಬ್ಯಾರೆ ಯಾರದರ ಕೆಲಸದ ಪ್ಲೇಟಿನ್ಯಾಗ ಮೂಲಿ ಖಾಲಿ ಇದ್ರ ಅಲ್ಲಿ ಕೂಡಿಸಿ ಕೊಡ್ರಿ ಅಂತ ಕೇಳು.

ಮತ್ತ ಪುಟದ ಲೆಕ್ಕ. ನಿಮ್ಮದು ನುಡಿಯೊಳಗ ಎಷ್ಟು ಪುಟ ಅಂತ ಅಂದಾಜು ಕೊಟ್ಟಿದ್ರು?

ವಿದ್ಯಾಗಿರಿ_ಬಿಎ

ಒಟ್ಟು 64 ಅಂತ ಕೊಟೇಶನ್‌ನಾಗ ಐತ್ರಿ. ಟಿರೊ 11ಕ್ಕ ಇಟ್ಟು ಪುಟ ಕಟ್ಟಿದ್ರ ಜಾಹೀರಾತು ಸೇರಿ 66 ಆಗ್ಲಿಕತ್ತೈತಿ.

ಖಡೇಬಜಾರ್_ಆಫ್‌ಸೆಟ್

ಅಲ್ಲೇ ಐತಿ ನೋಡು ಮಜಾ. 64 ಅಂದ್ರ 8 ಪುಟದ 8 ಫಾರ್ಮ್, ಸರಳ. 66 ಅಂತ ಪುಸ್ತಕನೇ ಇರಂಗಿಲ್ಲ, ಪಿನ್ ಹೊಡಿಯೂದಾದ್ರ ನಾಕರ ಲೆಕ್ಕದಾಗ 68 ಆಗಬೇಕು. ಆ ನಾಕು ಪುಟಕ್ಕ ಬ್ಯಾರೆ ಪ್ಲೇಟ್, ಬ್ಯಾರೆ ಓಡಿಸೂ ಖರ್ಚು. ಫಾಂಟ್ ಬದಲಿ ಮಾಡಿದ್ದಕ್ಕ ಬಿಲ್ ಏರಿತು ಅಂತ ನಿಮ್ಮ ಪ್ರಾಂಶುಪಾಲರು ಕೇಳ್ತಾರ. 10.5ಕ್ಕ ಇಳಿಸಿ, ಸಾಲಿನ ಅಂತರ 16 ಇಟ್ಟು ನೋಡು.

ಗೋಕಾಕ_ಕರದಂಟು

10.5ಕ್ಕ ಇಳಿಸಿದ್ರ ಸಣ್ಣ ಗೆರಿ ಇನ್ನೂ ಸಣ್ಣ ಆಗತೈತಿ. ನಾ ಹೇಳಿದ್ದು ಅದೇ.

ಟಿಳಕವಾಡಿ_ಕಟ್ಟೆ (ಬೆಳಗಾವಿ)

ಅಕ್ಷರ ಇಳಿಸೂಕ್ಕಿಂತ ಸಂದೇಶ ಇಳಿಸ್ರಿ. ಶಾಸಕರ ಸಂದೇಶ, ಅಧ್ಯಕ್ಷರ ಸಂದೇಶ, ಕಾರ್ಯಾಧ್ಯಕ್ಷರ ಸಂದೇಶ, ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಟ್ಟಿರ್ತೀರಿ. ಒಂದು ಪುಟದಾಗ ಇಬ್ಬರನ್ನ ಕೂಡಿಸಿದ್ರ 64 ಆರಾಮ ಬರತೈತಿ.

ವಿದ್ಯಾಗಿರಿ_ಬಿಎ

ಸಂದೇಶದ ಪುಟಕ್ಕ ಕೈ ಹಚ್ಚೂ ಧೈರ್ಯ ನನಗಿಲ್ಲ ಅಣ್ಣಾ. 😅 ಅದು ಮೇಡಂ ಮಾತಾಡಬೇಕು.

ಪತ್ರ ಕೊಟ್ಟು ಬಂದೆ. ಮಾಲೀಕರು ಎರಡು ಸಲ ಓದಿದ್ರು. ‘ಹೊಣೆ ನಮ್ಮದು’ ಅನ್ನೂ ಸಾಲಿನ ಕೆಳಗ ಪೆನ್ನಿಲೆ ಗೆರಿ ಹೊಡದು ಪ್ರಾಂಶುಪಾಲರ ಸಹಿ, ಸಿಕ್ಕಾ ಹಾಕಿಸ್ಕೊಂಡು ಬಾ ಅಂದ್ರು. ಟೈಪಿಂಗ್ ದರ ಬಿಡೂ ಬಗ್ಗೆ ಬಾಯಿ ಬಿಡಲಿಲ್ಲ. ಒಂದು ಕ್ಯಾಲೆಂಡರಿನ ಕೆಲಸ ಈ ವಾರ ಮಷಿನ್‌ಗೆ ಏರತೈತಂತ, ಅದರ ಅಂಚಿನ್ಯಾಗ ನಮ್ಮ ಪುಟ ಕೂಡಿಸ್ತೀನಿ ಅಂದ್ರು. ಕ್ಯಾಲೆಂಡರ್ ಆರ್ಟ್ ಪೇಪರ್ ಮ್ಯಾಲೆ, ನಮ್ಮದು ಮ್ಯಾಪ್ಲಿಥೋ. ಅದು ನಡೀತದಾ, ಇಲ್ಲಾ ಮ್ಯಾಪ್ಲಿಥೋ ಕೆಲಸ ಬರೂತನಕ ಕಾಯಬೇಕಾ?

ಮೊಳೆ_ಮಸಿ (ವಿಜಯಪುರ)

ಕಾಯಿ. ಆರ್ಟ್ ಪೇಪರ್ ಮಸಿ ಹೀರಂಗಿಲ್ಲ, ಅಲ್ಲಿ ಎಲ್ಲಾ ಫಾಂಟೂ ಚಂದನೇ. ಇಲ್ಲಾ ಅವರಿಗೆ ಹೇಳು, ಪ್ಲೇಟ್ ಅದೇ ಇರಲಿ, ಕ್ಯಾಲೆಂಡರ್ ಓಡಿಸಿ ಮುಗಿಸಿದ ಮ್ಯಾಲೆ ಹತ್ತು ಹಾಳಿ ಮ್ಯಾಪ್ಲಿಥೋ ಹಾಕಿ ಓಡಿಸ್ರಿ ಅಂತ. ಕಾಗದ ನೀವೇ ಒಯ್ದು ಕೊಡ್ರಿ.

ಘಟಪ್ರಭಾ_ಹೊಳಿ

ನಮ್ಮ ವರದಿ ನೋಡಿದ್ಯಾ. ಕಾರ್ಯದರ್ಶಿ ಹೆಸರಿನ ಮುಂದ ‘ಃ.ಂ.’ ಐತಿ. ಮೂರು ವರ್ಷದ ವರದಿಯೊಳಗೂ ಐತಿ. ಯಾರೂ ನೋಡಿಲ್ಲ, ನಾ ಹೇಳಂಗೂ ಇಲ್ಲ.